ಓಣಿಯಿಂದ ಸೆಕ್ಟರ್‌ಗೆ: ಮುಳುಗಡೆ ಬಾಗಲಕೋಟೆ ಮತ್ತು ಸ್ಥಳಾಂತರದ ಅಧ್ಯಯನಗಳು

ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆ ಪಟ್ಟಣದ ತಗ್ಗಿನ ಭಾಗಗಳು ಸಿಕ್ಕವು. ಅಲ್ಲಿಂದ ಎದ್ದವರಿಗಾಗಿ ನವನಗರ ಕಟ್ಟಲಾಯಿತು. ಹಳೇ ಊರಲ್ಲಿ ವಿಳಾಸ ಅಂದರೆ ಓಣಿ, ಪೇಟೆ. ನವನಗರದಲ್ಲಿ ಸೆಕ್ಟರ್ ನಂಬರು. ಓಣಿಯಲ್ಲಿ ಒಟ್ಟಿಗಿದ್ದವರು ಸೆಕ್ಟರ್‌ಗಳಿಗೆ ಹಂಚಿಹೋದ ಮೇಲೆ ಅವರ ನಡುವಿನ ಉದ್ರಿ ವ್ಯವಹಾರ, ಹಬ್ಬ, ಜಗಳ, ನೆರವು ಏನಾದವು ಎಂಬುದು ನನ್ನ ಅಧ್ಯಯನದ ಪ್ರಶ್ನೆ. ಸ್ಥಳಾಂತರದ ಸಮಾಜಶಾಸ್ತ್ರ ಇದಕ್ಕೆ ಎಷ್ಟು ಉತ್ತರ ಕೊಟ್ಟಿದೆ, ಎಲ್ಲಿ ಕೈಬಿಟ್ಟಿದೆ ಎಂದು ಈ ಅಧ್ಯಾಯದಲ್ಲಿ ನೋಡುತ್ತೇನೆ.

ಶುರುವಿನ ಕೆಲಸ ಆಫ್ರಿಕಾದ್ದು. ಕರೀಬಾ ಅಣೆಕಟ್ಟಿಗಾಗಿ 1950ರ ದಶಕದ ಕೊನೆಯಲ್ಲಿ ಸುಮಾರು 57,000 ಗ್ವೆಂಬೆ ಟೋಂಗಾ ಜನ ಊರು ಬಿಟ್ಟರು. ಮಾನವಶಾಸ್ತ್ರಜ್ಞರಾದ ಎಲಿಜಬೆತ್ ಕೋಲ್ಸನ್ ಮತ್ತು ಥೇಯರ್ ಸ್ಕಡರ್ ಈ ಜನರನ್ನು ಎಬ್ಬಿಸುವ ಮುಂಚೆಯೂ ನೋಡಿದ್ದರು, ಆಮೇಲೂ ನೋಡಿದರು. 1971ರ ಪುಸ್ತಕದಲ್ಲಿ ಕೋಲ್ಸನ್ ತೋರಿಸುವುದು ಬರೀ ಬಡತನವಲ್ಲ. ಬಂಧುಗಳ ಜೊತೆಗಿನ ಲೆಕ್ಕಾಚಾರ, ಮುಖಂಡರ ಮಾತಿಗಿದ್ದ ತೂಕ, ದೇವರುಗಳ ಜಾಗ ಎಲ್ಲವೂ ಅಲುಗಾಡಿದವು. ಈ ಅನುಭವದಿಂದ ಇಬ್ಬರೂ 1982ರಲ್ಲಿ ನಾಲ್ಕು ಹಂತಗಳ ಮಾದರಿ ಕೊಟ್ಟರು. ಹೊಸ ಜಾಗದಲ್ಲಿ ಮೊದಲ ಕೆಲವು ವರ್ಷ ಜನ ಹೊಸದಕ್ಕೆ ಕೈ ಹಾಕುವುದಿಲ್ಲ, ಗೊತ್ತಿದ್ದದ್ದನ್ನೇ ಹಿಡಿದುಕೊಳ್ಳುತ್ತಾರೆ. ಪುನರ್ವಸತಿ ಗೆದ್ದಿತೋ ಸೋತಿತೋ ಅನ್ನುವುದು ಗೊತ್ತಾಗುವುದು ಎರಡನೇ ತಲೆಮಾರಿನಲ್ಲಿ. ಈ ಕೊನೆಯ ಮಾತು ಬಾಗಲಕೋಟೆಗೆ ಬಹಳ ಮುಖ್ಯ. ನವನಗರದಲ್ಲೇ ಹುಟ್ಟಿದವರು ಈಗ ಮತ ಹಾಕುತ್ತಿದ್ದಾರೆ.

ಮೈಕೆಲ್ ಸರ್ನಿಯಾ ಬೇರೆ ದಾರಿ ಹಿಡಿದರು. 1997ರ ಲೇಖನದಲ್ಲಿ ಅವರು ಎಂಟು ಅಪಾಯಗಳನ್ನು ಗುರುತಿಸಿದರು. ಭೂಮಿ ಹೋಗುವುದು, ಕೆಲಸ ಹೋಗುವುದು, ಮನೆ ಹೋಗುವುದು, ಸಮಾಜದ ಅಂಚಿಗೆ ಸರಿಯುವುದು, ಊಟದ ಚಿಂತೆ, ರೋಗ ಮತ್ತು ಸಾವು ಹೆಚ್ಚುವುದು, ಸಾಮೂಹಿಕ ಆಸ್ತಿ ಕೈತಪ್ಪುವುದು, ಕೊನೆಗೆ ಸಾಮಾಜಿಕ ಸಂಬಂಧಗಳು ಹರಿದುಹೋಗುವುದು. ಅಪಾಯ ಮೊದಲೇ ಗೊತ್ತಿದ್ದರೆ ತಡೆಯಬಹುದು; ಬೇಕಾದದ್ದು ಹಣ, ಕಾನೂನು ಮತ್ತು ಮನಸ್ಸು ಎಂಬುದು ಅವರ ವಾದದ ತಿರುಳು. ಯೋಜನೆ ಮಾಡುವವರಿಗೆ ಇದು ಅನುಕೂಲದ ಮಾದರಿ. ಅದಕ್ಕೇ ಜಾಸ್ತಿ ಬಳಕೆಯಾಗಿದೆ.

ಕ್ರಿಸ್ ಡಿ ವೆಟ್ ಇದನ್ನು ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಹಣ ಸಾಲದ್ದಕ್ಕೆ ಪುನರ್ವಸತಿ ಸೋಲುತ್ತದೆ ಅನ್ನುವುದು ಅರ್ಧ ಮಾತು. ಜಾಗ, ಆಡಳಿತ, ಸಂಸ್ಕೃತಿ, ಸಂಬಂಧ ಎಲ್ಲ ಒಂದೇ ಹೊತ್ತಿಗೆ ಬದಲಾಗುವುದರಿಂದ ಈ ಕೆಲಸದ ಒಳಗೇ ಒಂದು ತೊಡಕಿದೆ, ಹಣ ಸುರಿದರೂ ಅದು ಹೋಗುವುದಿಲ್ಲ ಎನ್ನುತ್ತಾರೆ. ನನಗೆ ಬಾಗಲಕೋಟೆಯ ಮಟ್ಟಿಗೆ ಡಿ ವೆಟ್ ಹತ್ತಿರ ಅನ್ನಿಸುತ್ತಾರೆ. ಹಳೇ ಪೇಟೆಯಲ್ಲಿ ಬಾಡಿಗೆ ಮಳಿಗೆಯಲ್ಲಿದ್ದ ಕಿರಾಣಿ ಅಂಗಡಿಯವನನ್ನು ತೆಗೆದುಕೊಳ್ಳಿ. ಕಟ್ಟಡದ ಉತಾರ ಮಾಲೀಕನ ಹೆಸರಲ್ಲಿದೆ, ಪರಿಹಾರವೂ ಅವನಿಗೇ. ಅಂಗಡಿಯವನ ನಿಜವಾದ ಬಂಡವಾಳ ಇದ್ದದ್ದು ಉದ್ರಿ ಪುಸ್ತಕದಲ್ಲಿ: ಯಾರು ಸುಗ್ಗಿಗೆ ಕೊಡುತ್ತಾರೆ, ಯಾರು ಪಗಾರದ ದಿನ ಕೊಡುತ್ತಾರೆ, ಯಾರಿಗೆ ಕೇಳದಿದ್ದರೂ ನಡೆಯುತ್ತದೆ. ಗಿರಾಕಿಗಳು ಬೇರೆ ಬೇರೆ ಸೆಕ್ಟರ್‌ಗೆ ಹೋದ ದಿನ ಆ ಪುಸ್ತಕಕ್ಕೆ ಬೆಲೆ ಇಲ್ಲ. ಇದನ್ನು ಸರ್ನಿಯಾ ಪಟ್ಟಿಯಲ್ಲಿ ಎಲ್ಲಿ ಹಾಕುವುದು? ಕೆಲಸ ಹೋದದ್ದೂ ಹೌದು, ಸಂಬಂಧ ಹರಿದದ್ದೂ ಹೌದು. ಪಟ್ಟಿ ಎರಡನ್ನೂ ಹೆಸರಿಸುತ್ತದೆ, ಆದರೆ ಒಂದು ಇನ್ನೊಂದರ ಮೇಲೆ ನಿಂತಿರುವುದನ್ನು ಎತ್ತಿ ತೋರಿಸುವುದಿಲ್ಲ.

ಭಾರತದ ಬರಹಗಳಲ್ಲಿ ಜಗಳದ ಧಾಟಿಯೇ ಬೇರೆ. 1947ರಿಂದ 2000ದವರೆಗೆ ಯೋಜನೆಗಳಿಂದ ಸುಮಾರು 6 ಕೋಟಿ ಜನ ನೆಲೆ ಅಥವಾ ಬದುಕು ಕಳೆದುಕೊಂಡರು ಎಂದು ವಾಲ್ಟರ್ ಫರ್ನಾಂಡಿಸ್ ಅಂದಾಜು ಮಾಡಿದರು. ಅದರಲ್ಲಿ ಆದಿವಾಸಿ ಮತ್ತು ದಲಿತರ ಪಾಲು ಅವರ ಜನಸಂಖ್ಯೆಗಿಂತ ಬಹಳ ಹೆಚ್ಚು. ನರ್ಮದಾ ಕಣಿವೆಯ ಭಿಲಾಲ ಆದಿವಾಸಿಗಳ ನಡುವೆ ಇದ್ದು ಬರೆದ ಅಮಿತಾ ಬಾವಿಸ್ಕರ್ (1995) ಅಲ್ಲಿನ ಅಣೆಕಟ್ಟು ವಿರೋಧಿ ಚಳವಳಿಯ ಪರವಾಗಿದ್ದೂ ಚಳವಳಿಯನ್ನು ಪ್ರಶ್ನಿಸಿದರು. ಪ್ರಕೃತಿಯೊಂದಿಗೆ ಹೊಂದಿ ಬಾಳುವ ಆದಿವಾಸಿ ಎಂಬ ಚಿತ್ರಕ್ಕೂ ಹಳ್ಳಿಯ ನಿತ್ಯದ ಬದುಕಿಗೂ ಅಂತರವಿದೆ ಎಂದರು. ರಂಜಿತ್ ದ್ವಿವೇದಿ 2002ರಲ್ಲಿ ಈ ಕ್ಷೇತ್ರವನ್ನು ಎರಡಾಗಿ ಬಿಡಿಸಿದರು. ಸ್ಥಳಾಂತರ ಆಗಿಯೇ ತೀರುತ್ತದೆ, ಚೆನ್ನಾಗಿ ನಿಭಾಯಿಸೋಣ ಅನ್ನುವವರು ಒಂದು ಕಡೆ. ಅಭಿವೃದ್ಧಿಯ ಮಾದರಿಯೇ ತಪ್ಪು ಅನ್ನುವವರು ಇನ್ನೊಂದು ಕಡೆ. ಈ ವಿಂಗಡಣೆ ಉಪಯೋಗದ್ದು. ಆದರೆ ಬಾಗಲಕೋಟೆ ಎರಡರಲ್ಲೂ ಸರಿಯಾಗಿ ಕೂರುವುದಿಲ್ಲ. ಇಲ್ಲಿ ನೀರಾವರಿ ಬೇಡ ಅಂದವರು ಕಡಿಮೆ. ಪರಿಹಾರ ಎಷ್ಟು, ಯಾವಾಗ ಎಂಬುದೇ ದೊಡ್ಡ ಮಾತು.

ಅಂಕಿಅಂಶದ ಅಧ್ಯಯನಗಳಲ್ಲಿ ಎಸ್ತರ್ ಡುಫ್ಲೊ ಮತ್ತು ರೋಹಿಣಿ ಪಾಂಡೆ 2007ರಲ್ಲಿ ಬರೆದದ್ದನ್ನು ಬಿಡುವಂತಿಲ್ಲ. ಭಾರತದ ನೀರಾವರಿ ಅಣೆಕಟ್ಟುಗಳಿಂದ ಕೆಳಹರಿವಿನ ಜಿಲ್ಲೆಗಳಲ್ಲಿ ಬೆಳೆ ಹೆಚ್ಚಿ ಬಡತನ ಇಳಿಯಿತು, ಅಣೆಕಟ್ಟು ಇರುವ ಜಿಲ್ಲೆಯಲ್ಲಿ ಬಡತನ ಏರಿತು ಎಂದು ಅವರು ಕಂಡುಕೊಂಡರು. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ ಎಂಬ ಜನರ ಮಾತಿಗೆ ಇದು ದೊಡ್ಡ ಆಧಾರ. ಆದರೆ ಜಿಲ್ಲೆಯನ್ನೇ ಅಳತೆಗೋಲು ಮಾಡಿದರೆ ನಮ್ಮ ಕಡೆ ತೊಂದರೆ ಇದೆ. ಅಣೆಕಟ್ಟು ನಿಂತಿರುವುದು ವಿಜಯಪುರ ಜಿಲ್ಲೆಯಲ್ಲಿ, ನೀರು ನಿಂತು ಮುಳುಗಿದ್ದರಲ್ಲಿ ಬಹಳಷ್ಟು ಬಾಗಲಕೋಟೆ ಕಡೆಯದು. ಅದೂ ಅಲ್ಲದೆ 1997ರವರೆಗೆ ಇವೆರಡೂ ಒಂದೇ ಜಿಲ್ಲೆ. ಮುಳುಗಿದ ಹೊಲವೂ ಕಾಲುವೆ ನೀರು ಕಂಡ ಹೊಲವೂ ಒಂದೇ ಸರಾಸರಿಯಲ್ಲಿ ಕರಗಿಬಿಡುತ್ತವೆ.

ಆಲಮಟ್ಟಿ ಅಣೆಕಟ್ಟು ಸೇರಿರುವ ಕೃಷ್ಣಾ ಮೇಲ್ದಂಡೆ ಯೋಜನೆಯ ಬಗ್ಗೆಯೇ ಇರುವ ಬರಹದಲ್ಲಿ ವಿಶ್ವಬ್ಯಾಂಕಿನ 1998ರ ಮೌಲ್ಯಮಾಪನ ಮುಖ್ಯ. ಪುನರ್ವಸತಿ ಸರಿಯಿಲ್ಲ ಎಂದು ಬ್ಯಾಂಕ್ 1990ರ ದಶಕದಲ್ಲಿ ಈ ಯೋಜನೆಯ ಹಣವನ್ನು ಎರಡು ಬಾರಿ ತಡೆಹಿಡಿದಿತ್ತು. ಇಂಥ ವರದಿ ಓದುವಾಗ ಅದು ಯಾರಿಗಾಗಿ ಬರೆದದ್ದು ಎಂಬುದು ನೆನಪಿರಬೇಕು. ಅದಕ್ಕೆ ಬೇಕಾದದ್ದು ಆದಾಯ, ಮನೆ, ಹಂಚಿಕೆಯ ಲೆಕ್ಕ. ಓಣಿ ಅದರ ಪ್ರಶ್ನೆಯಲ್ಲ.

ಇಷ್ಟನ್ನೂ ಪಕ್ಕಪಕ್ಕ ಇಟ್ಟರೆ ಮೂರು ಕಡೆ ಖಾಲಿ ಜಾಗ ಕಾಣುತ್ತದೆ. ಮೊದಲನೆಯದು ಪಟ್ಟಣ. ಇಲ್ಲಿ ಪರಿಶೀಲಿಸಿದ ಕೆಲಸಗಳು ಹೆಚ್ಚಾಗಿ ಹಳ್ಳಿ, ಹೊಲ, ಕಾಡಿನ ಜನರ ಕುರಿತವು. ವ್ಯಾಪಾರದ ಪಟ್ಟಣವೊಂದು ಅರ್ಧ ಉಳಿದು ಅರ್ಧ ಎದ್ದು ಹೋದಾಗ ಬಾಡಿಗೆದಾರ, ಕೂಲಿಯವ, ಮನೆಗೆಲಸದ ಹೆಂಗಸು ಹೇಗೆ ಬದುಕು ಕಟ್ಟಿಕೊಂಡರು ಎಂಬುದಕ್ಕೆ ಇವುಗಳಲ್ಲಿ ಉತ್ತರ ತೆಳು.

ಎರಡನೆಯದು ಹಬ್ಬ. ಬಾಗಲಕೋಟೆಯ ಹೋಳಿ ಹೆಸರಾಗಿದ್ದೇ ಓಣಿಗಳ ಮೇಲೆ. ಕಿಲ್ಲಾ, ಹೊಸಪೇಟೆ, ಜೈನಪೇಟೆಯಂಥ ಕಡೆಯ ಹಲಗಿ ಮೇಳ, ಬಣ್ಣದ ಬಂಡಿ, ಒಬ್ಬರ ಮೇಲೊಬ್ಬರ ಹುರುಪು. ಬಣ್ಣಕ್ಕೆ ಸರದಿ ಓಣಿಯದ್ದು. ಸೆಕ್ಟರ್‌ಗೆ ಹೋದವರು ಯಾರ ಬಂಡಿ ಹತ್ತುತ್ತಾರೆ, ಪಟ್ಟಿ ಹಣ ಯಾವ ಓಣಿಗೆ ಕೊಡುತ್ತಾರೆ? ಸಂಬಂಧ ಹರಿಯಿತು ಅನ್ನುವ ಸಿದ್ಧಾಂತವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆ ಜಾಗ ನನಗೆ ಕಂಡಿಲ್ಲ. ಹರಿದಿಲ್ಲ, ವರ್ಷಕ್ಕೊಮ್ಮೆ ಹೊಲಿಗೆ ಬೀಳುತ್ತದೆ ಎಂಬ ಉತ್ತರವೂ ಬರಬಹುದು.

ಮೂರನೆಯದು ಕಾಯುವಿಕೆ. ಸ್ಕಡರ್–ಕೋಲ್ಸನ್ ಹಂತಗಳು ಒಂದರ ನಂತರ ಒಂದು ಮುಗಿಯುತ್ತವೆ ಎಂಬ ಊಹೆ ಮೇಲೆ ನಿಂತಿವೆ. ಇಲ್ಲಿ ಹಾಗಿಲ್ಲ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರ್‌ನಿಂದ 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ 2010ರ ತೀರ್ಪು ದಾರಿ ಮಾಡಿತು. ಅಂದಿನಿಂದ ಇನ್ನಷ್ಟು ಊರುಗಳು ಏಳುವ ಮಾತಿದೆ. ಮುಳುಗುವ ಮನೆಗೆ ಯಾರು ಸುಣ್ಣ ಹೊಡೆಸುತ್ತಾರೆ, ಅಂಥ ಊರಿಗೆ ಯಾರು ಹೆಣ್ಣು ಕೊಡುತ್ತಾರೆ, ಅಂಥ ಹೊಲಕ್ಕೆ ಬ್ಯಾಂಕಿನವರು ಸಾಲ ಕೊಡುತ್ತಾರಾ? ಸ್ಥಳಾಂತರಕ್ಕೆ ಮುಂಚಿನ ಈ ವರ್ಷಗಳನ್ನು ಮೇಲಿನ ಮಾದರಿಗಳು ಬರೀ ತಯಾರಿಯ ಕಾಲ ಎಂದು ದಾಟಿಬಿಡುತ್ತವೆ. ಹಾಗಾಗಿ ನನ್ನ ಕ್ಷೇತ್ರಕಾರ್ಯ ನವನಗರದ ಜೊತೆಗೆ ಹಿನ್ನೀರಿನ ಅಂಚಿನ ಒಂದು ಹಳ್ಳಿಯನ್ನೂ ಒಳಗೊಳ್ಳುತ್ತದೆ. ಎದ್ದು ಬಂದವರನ್ನೂ ಏಳಲು ಕಾದಿರುವವರನ್ನೂ ಒಂದೇ ಪ್ರಶ್ನಾವಳಿ ಇಟ್ಟುಕೊಂಡು ಮಾತಾಡಿಸುತ್ತೇನೆ.