ನವೆಂಬರ್ 19–20ರ ಕಾರ್ಯಾಗಾರಕ್ಕೆ 18 ರೂಮು, ಹಾಲ್ ಮತ್ತು ಊಟ: ದರ ತಿಳಿಸಿ

ಮ್ಯಾನೇಜರ್ ಅವರಿಗೆ ನಮಸ್ಕಾರ.

ನಮ್ಮದು ಕೃಷಿ ಯಂತ್ರಗಳನ್ನು ಮಾರುವ ಕಂಪನಿ. ಬೀದರ್, ಯಾದಗಿರಿ, ರಾಯಚೂರು ಕಡೆಯ ನಮ್ಮ ಫೀಲ್ಡ್ ಸ್ಟಾಫ್‌ಗೆ ಕಲಬುರಗಿಯಲ್ಲಿ ಎರಡು ದಿನದ ಕಾರ್ಯಾಗಾರ ಇಟ್ಟುಕೊಂಡಿದ್ದೇವೆ. 2026ರ ನವೆಂಬರ್ 19 ಗುರುವಾರ ಮತ್ತು 20 ಶುಕ್ರವಾರ. 18ರ ಸಂಜೆ ಬಂದು 21ರ ಬೆಳಗ್ಗೆ ಹೊರಡುತ್ತೇವೆ. ಈ ದಿನ ಸಿಗದಿದ್ದರೆ 26–27 ಆದರೂ ಆಗುತ್ತದೆ. ಆದರೆ ತುಳಸಿ ಲಗ್ನ ಆದ ಮೇಲೆ ಮದುವೆ ಸೀಸನ್ ಶುರುವಾಗುತ್ತದೆ, ಅಲ್ವಾ? ಪಕ್ಕದ ಹಾಲ್‌ನಲ್ಲಿ ಬ್ಯಾಂಡು, ಡಿಜೆ ಇದ್ದರೆ ಪಾಠ ನಡೆಯುವುದಿಲ್ಲ. ಆ ದಿನ ನಿಮ್ಮಲ್ಲಿ ಮದುವೆ ಬುಕಿಂಗ್ ಇದೆಯೇ, ಮೊದಲೇ ಹೇಳಿಬಿಡಿ.

ಒಟ್ಟು 32 ಜನ. ಇಬ್ಬಿಬ್ಬರಿಗೆ 14 ರೂಮು, ಒಬ್ಬೊಬ್ಬರಿಗೆ 4. ಇಬ್ಬರ ರೂಮಿನಲ್ಲಿ ಎರಡು ಬೇರೆ ಬೇರೆ ಮಂಚ ಇರಲೇಬೇಕು. ಎಂಟು ಜನ ಹೆಣ್ಣುಮಕ್ಕಳಿದ್ದಾರೆ, ಅವರ ನಾಲ್ಕೂ ರೂಮು ಒಂದೇ ಮಹಡಿಯಲ್ಲಿ ಕೊಡಿ. ಬೆಂಗಳೂರಿನಿಂದ ಬರುವ ಇಬ್ಬರು ತರಬೇತುದಾರರು ವಂದೇ ಭಾರತ್‌ನಲ್ಲಿ ಬರುತ್ತಾರೆ, ಇಳಿಯುವಾಗ ರಾತ್ರಿ ತಡವಾಗುತ್ತದೆ. ಅವರಿಗೆ ಆ ಹೊತ್ತಿಗೂ ಬಿಸಿ ಊಟ ಸಿಗಬಹುದೇ?

ಬೆಳಗಿನ ತಿಂಡಿ ಸೇರಿ ಇಬ್ಬರ ರೂಮಿಗೆ ದಿನಕ್ಕೆ ₹2,200, ಒಬ್ಬರದಕ್ಕೆ ₹1,800 ಒಳಗೆ ಆದರೆ ನಮಗೆ ಅನುಕೂಲ. ಹಾಲ್, ಮಧ್ಯಾಹ್ನದ ಊಟ, ಎರಡು ಸಲದ ಚಹಾ ಸೇರಿ ತಲೆಗೆ ದಿನಕ್ಕೆ ₹650 ಅಂದುಕೊಂಡಿದ್ದೇವೆ. ರಾತ್ರಿ ಊಟದ ದರ ಬೇರೆ ತಿಳಿಸಿ. ಜಿಎಸ್‌ಟಿ ಇದರಲ್ಲೇ ಸೇರಿದೆಯೋ, ಮೇಲೆ ಬೀಳುತ್ತದೋ ಬರೆಯಿರಿ. ಬಿಲ್ ಕಂಪನಿ ಹೆಸರಿನಲ್ಲಿ ಬೇಕು. ಚೆಕ್ ಔಟ್ 24 ತಾಸಿನ ಲೆಕ್ಕವೋ, ಮಧ್ಯಾಹ್ನ 12ಕ್ಕೋ?

ಊಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ನಮ್ಮ ಹುಡುಗರು ವರ್ಷವಿಡೀ ಹಳ್ಳಿ ಹಳ್ಳಿ ಬೈಕ್ ಮೇಲೆ ತಿರುಗಿ, ಸಿಕ್ಕಲ್ಲಿ ಸಿಕ್ಕದ್ದು ತಿನ್ನುವವರು. ಈ ಎರಡು ದಿನ ಕೂತು ಚೆನ್ನಾಗಿ ಉಣ್ಣಲಿ. ಪನೀರ್, ನೂಡಲ್ಸ್ ಬೇಡ. ತಟ್ಟೆಗೆ ಬೀಳುವಾಗ ಹಬೆಯಾಡುವ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ತೊಗರಿ ಬೇಳೆ ಸಾರು, ಅನ್ನ ಸಾಕು. ರೊಟ್ಟಿ ಮೊದಲೇ ಮಾಡಿ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೆವತು ಮೆತ್ತಗಾಗುತ್ತವೆ. ಸಂಜೆ ಚಹಾ ಜೊತೆ ಸುಸಲಾ, ಮಿರ್ಚಿ. ಮೂವರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ.

ಹಾಲ್‌ಗೆ ಪ್ರೊಜೆಕ್ಟರ್, ಎರಡು ಮೈಕ್. ಕರೆಂಟು ಹೋದರೆ ಜನರೇಟರ್‌ನಲ್ಲಿ ಎಸಿ ನಡೆಯುತ್ತದೆಯೇ?

ರದ್ದತಿ ವಿಷಯ ಬಾಯಿಮಾತಿನಲ್ಲಿ ಬೇಡ. ಶೇ 25 ಮುಂಗಡ ಕೊಡುತ್ತೇವೆ. ಹತ್ತು ದಿನ ಮುಂಚೆ ತಿಳಿಸಿದರೆ ಅದು ಪೂರ್ತಿ ವಾಪಸ್ ಬರಬೇಕು. ಐದು ದಿನ ಮುಂಚಿನವರೆಗೆ ನಾಲ್ಕು ರೂಮು ಕಡಿಮೆ ಮಾಡಿದರೆ ದಂಡ ಇರಬಾರದು. ಅದಕ್ಕಿಂತ ತಡವಾದರೆ ಒಂದು ರಾತ್ರಿಯ ಬಾಡಿಗೆ ಹಿಡಿದುಕೊಳ್ಳಿ, ಅದು ನ್ಯಾಯವೇ. ಊಟದ ತಲೆಲೆಕ್ಕ 17ರ ಸಂಜೆ ಖಚಿತ ಮಾಡುತ್ತೇವೆ.

ಅಕ್ಟೋಬರ್ 20ರೊಳಗೆ ಇದೇ ಇಮೇಲ್‌ಗೆ ದರಪಟ್ಟಿ ಕಳಿಸಿ. ಒಪ್ಪಿಗೆಯಾದರೆ ಮುಂಗಡ ಕೊಡುವ ಮೊದಲು ನಾನೇ ಬಂದು ಹಾಲ್, ರೂಮು ನೋಡಿ ಹೋಗುತ್ತೇನೆ.

ವಂದನೆಗಳೊಂದಿಗೆ,
ತರಬೇತಿ ಸಂಯೋಜಕಿ, ಕಲಬುರಗಿ ಶಾಖೆ