ಎಸ್‌ಎಸ್‌ಎಲ್‌ಸಿ ಗಣಿತ ಪೂರ್ವಸಿದ್ಧತಾ ಪರೀಕ್ಷೆ: ಪ್ರಶ್ನೆ 17, 21, 28, 34ರ ಅಂಕ ವಿವರ

ನೋಡಿದ್ದು: ವಿದ್ಯಾರ್ಥಿಯ ಉತ್ತರ ಪತ್ರಿಕೆಯ 3 ಫೋಟೊ, ಗರಿಷ್ಠ ಅಂಕ 11. ಮೊದಲೆರಡು ಫೋಟೊ ಸ್ಪಷ್ಟವಾಗಿವೆ. ಮೂರನೆಯದರಲ್ಲಿ ಪುಟದ ಕೊನೆಯ ಸಾಲು ಅರ್ಧಕ್ಕೆ ಕತ್ತರಿಸಿದೆ.

ಪ್ರಶ್ನೆ 17. 3, 7, 11, ... ಶ್ರೇಢಿಯ 20 ಪದಗಳ ಮೊತ್ತ: 2/2
ಸ್ಕೀಮ್‌ನಲ್ಲಿರುವ ಸೂತ್ರ ಬಳಸಿಲ್ಲ. ಮೊದಲು a₂₀ = 79 ಕಂಡುಹಿಡಿದು, 10(3 + 79) = 820 ಎಂದು ಬರೆದಿದ್ದಾನೆ. ಪರ್ಯಾಯ ವಿಧಾನ, ಉತ್ತರವೂ ಸರಿ. ಪೂರ್ಣ ಅಂಕ.

ಪ್ರಶ್ನೆ 21. 2x² − 7x + 3 = 0, ಸೂತ್ರದಿಂದ ಬಿಡಿಸಿ: 1/2
ಸೂತ್ರ ½: ಭಾಗಾಕಾರದ ಗೆರೆ ವರ್ಗಮೂಲದ ಕೆಳಗಷ್ಟೇ ಇದೆ, −b ಹೊರಗುಳಿದಿದೆ. ಮುಂದಿನ ಸಾಲಿನಲ್ಲಿ ಪೂರ್ತಿ 4ರಿಂದ ಭಾಗಿಸಿರುವುದರಿಂದ ಅಂಕ ಕೊಟ್ಟಿದೆ.
ಬೆಲೆ ಆದೇಶಿಸಿದ್ದು 0: b = −7 ಬದಲು 7.
ಶೋಧಕ 49 − 24 = 25ಕ್ಕೆ ½. ವರ್ಗ ಮಾಡಿದಾಗ ಚಿಹ್ನೆ ಉಳಿಯುವುದಿಲ್ಲ, ಹಾಗಾಗಿ ತಪ್ಪು ಇಲ್ಲಿ ಕಾಣಲಿಲ್ಲ.
ಮೂಲಗಳು 0: −½, −3 ಎಂದಿದೆ, ಬರಬೇಕಾದದ್ದು ½, 3. ಸ್ಕೀಮ್ ಈ ಅರ್ಧ ಅಂಕವನ್ನು ಸರಿಯಾದ ಮೂಲಗಳಿಗೆ ಮಾತ್ರ ಇಟ್ಟಿದೆ. x = −3 ಹಾಕಿ ನೋಡಿದ್ದರೆ 42 ಬಂದು ಅವನಿಗೇ ತಿಳಿಯುತ್ತಿತ್ತು.

ಪ್ರಶ್ನೆ 28. ಸರಾಸರಿ: 2½/3
ಮಧ್ಯಬಿಂದುಗಳು, fx ಕಾಲಂ ಎಲ್ಲವೂ ಸರಿ: 40, 60, 180, 200, 100. ಕೂಡುವಾಗ 580 ಬದಲು 570. ಕೋಷ್ಟಕದ 1½ರಲ್ಲಿ 1. ಸೂತ್ರ ½, ಆದೇಶಿಸಿದ್ದು ½. ಉತ್ತರ 28.5, ನಿಜವಾದದ್ದು 29. ಆದರೆ ತನ್ನದೇ ಮೊತ್ತವನ್ನು 20ರಿಂದ ಸರಿಯಾಗಿ ಭಾಗಿಸಿದ್ದಾನೆ, ಕೂಡುವ ತಪ್ಪಿಗೆ ಮೇಲೆಯೇ ಅಂಕ ಹೋಗಿದೆ. ಈ ಪ್ರಶ್ನೆಯಲ್ಲಿ ಸ್ಕೀಮ್‌ಗೆ ಅಡ್ಡಿಯಿಲ್ಲ, ½ ಕೊಟ್ಟಿದೆ.

ಪ್ರಶ್ನೆ 34. ಥೇಲ್ಸ್ ಪ್ರಮೇಯ: 3/4
ಚಿತ್ರ ½, ದತ್ತ ½, ಸಾಧನೀಯ ½. ರಚನೆ ½: EN ⊥ AB, DM ⊥ AC ಬರಹದಲ್ಲಿದೆ, ಚಿತ್ರದಲ್ಲಿ ಲಂಬಗಳಿಲ್ಲ. ಕಟ್ಟುನಿಟ್ಟಾಗಿ ನೋಡುವವರು ಇಲ್ಲಿ ಅಂಕ ತಡೆಯಬಹುದು. ಎತ್ತರಗಳನ್ನು ಸಾಧನೆಯಲ್ಲಿ ಸರಿಯಾಗಿ ಬಳಸಿರುವುದರಿಂದ ಕೊಟ್ಟಿದ್ದೇನೆ.
ಸಾಧನೆಯಲ್ಲಿ ವಿಸ್ತೀರ್ಣಗಳ ಎರಡು ಅನುಪಾತಗಳಿಗೆ ½ + ½. ತ್ರಿಭುಜ BDE, CDE ವಿಸ್ತೀರ್ಣ ಸಮ ಎಂದಷ್ಟೇ ಬರೆದಿದ್ದಾನೆ. ಒಂದೇ ಪಾದ DE, ಒಂದೇ ಸಮಾಂತರ ರೇಖೆಗಳ ನಡುವೆ ಎಂಬ ಕಾರಣವಿಲ್ಲ. DE ∥ BC ಎಂಬ ದತ್ತ ಕೆಲಸಕ್ಕೆ ಬರುವುದೇ ಇಲ್ಲಿ. ಆ ½ ಇಲ್ಲ.
ತೀರ್ಮಾನ, ಸದ್ಯಕ್ಕೆ 0: ಫೋಟೊದಲ್ಲಿ "AD/DB =" ವರೆಗೆ ಮಾತ್ರ ಕಾಣುತ್ತದೆ. ಬಲಗಡೆ ಏನಿದೆಯೆಂದು ಊಹಿಸಿ ಅಂಕ ಹಾಕಿಲ್ಲ.

ಒಟ್ಟು: 2 + 1 + 2½ + 3 = 8½/11

ಮೂರನೇ ಪುಟದ ಕೆಳತುದಿಯನ್ನು ನೆರಳು ಬೀಳದಂತೆ ಮತ್ತೊಮ್ಮೆ ತೆಗೆದು ಕಳಿಸಿ. AE/EC ಇದ್ದರೆ ½ ಸೇರಿ 9 ಆಗುತ್ತದೆ. ಅಲ್ಲಿಯವರೆಗೆ ಅಂಕಪಟ್ಟಿಯಲ್ಲಿ ಏರಿಸಬೇಡಿ.