ಕುಟುಂಬಶ್ರೀ ಅಯಲ್ಕೂಟದ ತಿಂಗಳ ಸಭೆಯ ದಾಖಲೆ: ಜುಲೈ 2025

ಸ್ಥಳ: ಪೆರ್ಲ, ಎಣ್ಮಕಜೆ ಪಂಚಾಯತು. ಸದಸ್ಯೆ ನಂ. 4ರವರ ಮನೆಯ ಜಗಲಿ.
ದಿನಾಂಕ: 27-07-2025, ಭಾನುವಾರ, ಅಪರಾಹ್ನ 3 ಗಂಟೆ.
ಹಾಜರಿ: 16ರಲ್ಲಿ 14. ನಂ. 9 ಆಸ್ಪತ್ರೆಯಲ್ಲಿದ್ದಾರೆ. ನಂ. 16 ಬರಲಾಗುವುದಿಲ್ಲವೆಂದು ಮೊದಲೇ ತಿಳಿಸಿ, ಉಳಿತಾಯದ ಹಣವನ್ನು ಮಗಳ ಕೈಯಲ್ಲಿ ಕಳುಹಿಸಿದ್ದಾರೆ. ಅರ್ಧ ಗಂಟೆ ತಡವಾಗಿ ಬಂದ ನಂ. 5 ಮತ್ತು ನಂ. 10ರವರಿಂದ ತಲಾ 10 ರೂ. ದಂಡ ಪಡೆಯಲಾಯಿತು.

ಜೂನ್ ತಿಂಗಳ ದಾಖಲೆಯನ್ನು ಕಾರ್ಯದರ್ಶಿ ಓದಿದರು, ಸಭೆ ಒಪ್ಪಿತು.

ಉಳಿತಾಯ

ಜುಲೈಯಲ್ಲಿ 4 ಭಾನುವಾರ. ವಾರಕ್ಕೆ 50 ರೂ.ಯಂತೆ 16 ಮಂದಿಯಿಂದ ಬರಬೇಕಾದದ್ದು 3,200 ರೂ. ನಂ. 9ರವರ ಎರಡು ವಾರದ 100 ರೂ. ಬಾಕಿ. ನಂ. 12ರವರು ಜೂನ್ ತಿಂಗಳ ಬಾಕಿ 50 ರೂ. ಕಟ್ಟಿದ್ದಾರೆ. ಒಟ್ಟು ಬಂದದ್ದು 3,150 ರೂ. ಕೂಟದ ಉಳಿತಾಯ 1,12,450ರಿಂದ 1,15,600 ರೂ.ಗೆ ಏರಿತು.

ನಂ. 12ರವರ ಈ 50 ರೂ.ಯಿಂದಲೇ ಲೆಕ್ಕ ತಪ್ಪಿತ್ತು. 13ರಂದು ಹಣ ಕೊಟ್ಟಾಗ ಅವರ ಪಾಸ್‌ಪುಸ್ತಕದಲ್ಲಿ ಬರೆದಿದ್ದರೂ ಕೂಟದ ಲೆಡ್ಜರಿಗೆ ಏರಿಸಿರಲಿಲ್ಲ. ಪೆಟ್ಟಿಗೆಯಲ್ಲಿ 50 ರೂ. ಹೆಚ್ಚು ಕಂಡದ್ದರಿಂದ 16 ಪಾಸ್‌ಪುಸ್ತಕಗಳನ್ನೂ ಲೆಡ್ಜರಿನ ಜೊತೆಗಿಟ್ಟು ನೋಡಿ ಪತ್ತೆ ಮಾಡಲಾಯಿತು. ಹಳೆಯ ಮೊತ್ತಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಮೊತ್ತ ಬರೆದು, ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಸಹಿ ಹಾಕಿದ್ದಾರೆ. ಬಿಳಿ ಶಾಯಿ ಹಚ್ಚಬಾರದು. ಆಡಿಟ್ ಹೊತ್ತಿನಲ್ಲಿ ಅಂಥ ಪುಟವೇ ಸಂಶಯಕ್ಕೆ ಎಡೆಮಾಡುತ್ತದೆ. ಇನ್ನು ಮುಂದೆ ಹಣ ಎಣಿಸಿ ಎರಡೂ ಪುಸ್ತಕಗಳಲ್ಲಿ ಬರೆದ ಮೇಲೆಯೇ ಪಾಸ್‌ಪುಸ್ತಕ ಹಿಂದೆ ಕೊಡುವುದು.

ಸಾಲ ಮರುಪಾವತಿ

ಬಡ್ಡಿ ತಿಂಗಳಿಗೆ ನೂರಕ್ಕೆ 1 ರೂ., ಉಳಿದ ಅಸಲಿನ ಮೇಲೆ ಮಾತ್ರ.

| ಸದಸ್ಯೆ ನಂ. | ಮೊದಲಿನ ಬಾಕಿ | ಬಂದ ಅಸಲು | ಬಂದ ಬಡ್ಡಿ | ಈಗಿನ ಬಾಕಿ | ಆಗಸ್ಟ್‌ನಲ್ಲಿ ಕಟ್ಟಬೇಕಾದದ್ದು |
|---|---|---|---|---|---|
| 2 | 12,000 | 2,000 | 120 | 10,000 | 2,100 |
| 4 | 24,000 | 3,000 | 240 | 21,000 | 3,210 |
| 6 | 15,000 | 1,000 | 150 | 14,000 | 3,140 |
| 9 | 8,000 | 0 | 0 | 8,000 | 2,160 |
| 11 | 5,000 | 5,000 | 50 | 0 | 0 |
| 13 | 36,000 | 3,000 | 360 | 33,000 | 3,330 |
| 15 | 18,000 | 2,000 | 180 | 16,000 | 2,160 |
| ಒಟ್ಟು | 1,18,000 | 16,000 | 1,100 | 1,02,000 | 16,100 |

ತಾನು ಮೊದಲು ಪಡೆದದ್ದು 30,000, ಹಾಗಾದರೆ ಬಡ್ಡಿ 300 ಅಲ್ಲವೇ ಎಂದು ನಂ. 4 ಕೇಳಿದರು. ಉಳಿದದ್ದು 24,000 ಆದ್ದರಿಂದ 240 ಎಂದು ಅವರ ಪಾಸ್‌ಪುಸ್ತಕವನ್ನೇ ತೋರಿಸಿ ವಿವರಿಸಲಾಯಿತು.

ನಂ. 6ರವರಿಗೆ ಈ ತಿಂಗಳು ಬೀಡಿಯ ಮಜೂರಿ ಕಡಿಮೆ ಸಿಕ್ಕಿದೆ. 2,650ರ ಬದಲು 1,150 ರೂ. ತಂದಿದ್ದಾರೆ. ಅದರಲ್ಲಿ ಮೊದಲು ಬಡ್ಡಿ 150 ಕಳೆದು, ಉಳಿದದ್ದನ್ನು ಅಸಲಿಗೆ ಸೇರಿಸಲಾಗಿದೆ. ತಪ್ಪಿದ 1,500 ರೂ.ಯನ್ನು ಒಮ್ಮೆಗೇ ಕೇಳಿದರೆ ಮುಂದಿನ ಕಂತೂ ತಪ್ಪುವ ಭಯವಿದೆ. ಹಾಗಾಗಿ ತಿಂಗಳಿಗೆ 500ರಂತೆ ಮೂರು ತಿಂಗಳಲ್ಲಿ ಕಟ್ಟಲಿ. ನಂ. 9ರವರ ಕಂತು 1,000, ಬಡ್ಡಿ 80 ಆಗಸ್ಟಿಗೆ ಹೋಯಿತು. ದಂಡವಿಲ್ಲ, ಬಡ್ಡಿಗೆ ಬಡ್ಡಿಯೂ ಇಲ್ಲ. ನಂ. 2 ಮತ್ತು ನಂ. 7 ಆಸ್ಪತ್ರೆಗೆ ಹೋಗಿ ಅವರನ್ನು ನೋಡಿ ಬರುತ್ತಾರೆ. ಆಗ ಹಣದ ಮಾತು ಎತ್ತುವುದು ಬೇಡ.

ಹೊಸ ಸಾಲ

ನಂ. 8: 12,000 ರೂ. ಅಡಿಕೆ ತೋಟಕ್ಕೆ ಎರಡನೇ ಸುತ್ತು ಮದ್ದು ಬಿಡಲು, ಅಂದರೆ ಮೈಲುತುತ್ತು, ಸುಣ್ಣ ಮತ್ತು ಕೆಲಸದವರ ಸಂಬಳಕ್ಕೆ. ಮಳೆ ಬಿಡುವು ಕೊಟ್ಟಾಗ ಮದ್ದು ಬಿಡದಿದ್ದರೆ ಕೊಳೆರೋಗಕ್ಕೆ ಕಾಯಿ ಉದುರುತ್ತದೆ; ಮುಂದಿನ ತಿಂಗಳು ಕೊಟ್ಟರೆ ಪ್ರಯೋಜನವಿಲ್ಲ. ನವೆಂಬರ್ ತನಕ ಬಡ್ಡಿ 120 ಮಾತ್ರ, ಡಿಸೆಂಬರಿನಿಂದ 2,000ದ ಆರು ಕಂತು.

ನಂ. 3: 10,000 ರೂ., ಮಗನ ಐಟಿಐ ಖರ್ಚಿಗೆ. ಹತ್ತು ಕಂತು; ಆಗಸ್ಟ್‌ನಲ್ಲಿ 1,100.

ನಂ. 14ರವರು ದನ ಕೊಳ್ಳಲು 30,000 ಕೇಳಿದ್ದಾರೆ. ಇವೆರಡು ಸಾಲ ಕೊಟ್ಟ ಮೇಲೆ ಅಷ್ಟು ಹಣ ಉಳಿಯುವುದಿಲ್ಲ. ಬ್ಯಾಂಕ್ ಲಿಂಕೇಜ್ ಸಾಲಕ್ಕೆ ಅರ್ಜಿ ಹಾಕುವ ವಿಷಯವನ್ನು ಎಡಿಎಸ್ ಸಭೆಯಲ್ಲಿ ಮಾತನಾಡಲಾಗುವುದು. ಅವರ ಬೇಡಿಕೆ ಪಟ್ಟಿಯಲ್ಲಿ ಮೊದಲನೆಯದು.

ಜಮಾ ಖರ್ಚು

ಆರಂಭದ ಶಿಲ್ಕು 12,710 (ಬ್ಯಾಂಕ್ 11,870, ಕೈಯಲ್ಲಿ 840). ಜಮೆ: ಉಳಿತಾಯ 3,150, ಅಸಲು 16,000, ಬಡ್ಡಿ 1,100, ದಂಡ 20, ಒಟ್ಟು 20,270. ಖರ್ಚು: ಹೊಸ ಸಾಲ 22,000, ಲೆಡ್ಜರ್ ಪುಸ್ತಕ 90, ಬ್ಯಾಂಕಿಗೆ ಆಟೋ 60, ಒಟ್ಟು 22,150. ಅಂತಿಮ ಶಿಲ್ಕು 10,830: ಬ್ಯಾಂಕ್ 10,220, ಕೈಯಲ್ಲಿ 610. ಸದಸ್ಯೆಯರಲ್ಲಿ ಇರುವ ಸಾಲ 1,24,000.

ಆಗಸ್ಟ್

ಭಾನುವಾರ ಐದು ಬರುತ್ತದೆ. ಒಬ್ಬೊಬ್ಬರ ಉಳಿತಾಯ 250 ರೂ. ಹಳೆಯ ಬಾಕಿ ಸೇರಿ 4,100 ಬರಬೇಕು. ಸಾಲದ ಕಂತು ಹೊಸ ಸಾಲದ್ದೂ ಸೇರಿ 17,320 ರೂ. 27ಕ್ಕೆ ಚೌತಿ, ಹಬ್ಬದ ಖರ್ಚಿನಲ್ಲಿ ಕಂತು ಕರಗದಂತೆ ಆದವರು 24ರ ಸಭೆಯಲ್ಲೇ ಕಟ್ಟಬೇಕು. ತಿಂಗಳ ಸಭೆ 31ರಂದು 3 ಗಂಟೆಗೆ, ನಂ. 11ರವರ ಮನೆಯಲ್ಲಿ.

28ರಂದು ಬ್ಯಾಂಕಿನ ಜಮೆ ಮತ್ತು ಸಾಲ ವಿತರಣೆ ಮುಗಿದ ಮೇಲೆ, ಪಾಸ್‌ಬುಕ್ ನೋಡಿ ಶಿಲ್ಕು ಬರೆಯಲಾಗಿದೆ.

ಸಹಿ: ಅಧ್ಯಕ್ಷೆ, ಕಾರ್ಯದರ್ಶಿ ಮತ್ತು ಹಾಜರಿದ್ದ ಉಳಿದ 12 ಸದಸ್ಯೆಯರು.